ಆನ್‌ಲೈನ್ ಮಾರಾಟದ ಸೆಟಲ್‌ಮೆಂಟ್ ತಾಳೆ ನೋಡುವುದು ಹೇಗೆ: ಕಾಣದ ಕಡಿತ, ಬಾರದ ಹಣ, ಉಳಿದ ಕ್ಲೇಮ್

ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋದಂಥ ತಾಣಗಳಲ್ಲಿ ಮಾರುವವರು ಪದೇ ಪದೇ ಕೇಳುವ ಪ್ರಶ್ನೆ ಒಂದೇ: "ಸ್ಟೇಟ್‌ಮೆಂಟಿನಲ್ಲಿ ಇದ್ದಷ್ಟು ಹಣ ಬ್ಯಾಂಕಿಗೆ ಬಂದಿದೆ. ಮತ್ತೆ ಕೈಯಲ್ಲಿ ಏಕೆ ಉಳಿಯುತ್ತಿಲ್ಲ?"

ತಾಣ ತನ್ನ ಶುಲ್ಕ ಕಳೆದು ನಿಮಗೆ ಕಳಿಸುವ ಹಣವೇ ಸೆಟಲ್‌ಮೆಂಟ್, ಅದರ ಲೆಕ್ಕವೇ ಈ ಸ್ಟೇಟ್‌ಮೆಂಟ್. ಸ್ಟೇಟ್‌ಮೆಂಟನ್ನೂ ಬ್ಯಾಂಕನ್ನೂ ಹೋಲಿಸಿದರೆ ಹೆಚ್ಚಿನ ಸಲ ಎರಡೂ ಸರಿಹೊಂದುತ್ತವೆ. ಅದರಿಂದ ತಿಳಿಯುವುದು ತಾಣ ತಾನು ಹೇಳಿದಷ್ಟು ಹಣ ಕಳಿಸಿದೆ ಎಂಬುದು ಮಾತ್ರ. ಅದು ಹೇಳಿದ ಲೆಕ್ಕ ಸರಿಯೇ ಎಂಬುದು ತಿಳಿಯುವುದಿಲ್ಲ. ಹಣವೇ ಬಾರದ ಆರ್ಡರ್‌ಗೆ ಸ್ಟೇಟ್‌ಮೆಂಟಿನಲ್ಲಿ ಸಾಲೇ ಇರುವುದಿಲ್ಲ. ಇಲ್ಲದ ಸಾಲನ್ನು ಸ್ಟೇಟ್‌ಮೆಂಟ್ ನೋಡಿ ಹುಡುಕಲಾಗದು. ಆದ್ದರಿಂದ ತಾಳೆಯನ್ನು ನಿಮ್ಮ ಆರ್ಡರ್ ಪಟ್ಟಿಯಿಂದ ಶುರುಮಾಡಬೇಕು. ಪ್ರತಿ ಆರ್ಡರ್‌ಗೆ ಎಷ್ಟು ಬರಬೇಕಿತ್ತು ಎಂದು ನೀವೇ ಲೆಕ್ಕ ಹಾಕಿ, ಆಮೇಲೆ ಎಷ್ಟು ಬಂತು ಎಂದು ನೋಡಬೇಕು.

ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗೋಣ. ಹುಬ್ಬಳ್ಳಿಯ ಒಬ್ಬ ಮಾರಾಟಗಾರರು ಎರಡು ದಿಂಬಿನ ಕವರ್ ಇರುವ ಡಬಲ್ ಬೆಡ್‌ಶೀಟನ್ನು 1,050 ರೂಪಾಯಿಗೆ ಮಾರುತ್ತಾರೆ. ಸರಕಿನ ಬೆಲೆ 1,000, ಅದರ ಮೇಲೆ ಶೇ. 5 ಜಿಎಸ್‌ಟಿ 50. ಒಂದು ತಿಂಗಳಿಗೆ 240 ಆರ್ಡರ್. ಇಲ್ಲಿನ ದರಗಳೂ ಅಂಕಿಗಳೂ ಲೆಕ್ಕ ಅರ್ಥವಾಗಲೆಂದು ಇಟ್ಟುಕೊಂಡವು. ನಿಮ್ಮ ತಾಣದ ದರಪಟ್ಟಿ ಬೇರೆ ಇರುತ್ತದೆ, ಅದನ್ನೇ ಹಾಕಿಕೊಳ್ಳಿ.

ಮೊದಲು ಬೇಕಾದವು

ತಾಣದ ಸೆಲ್ಲರ್ ಖಾತೆಯಿಂದ ಮೂರು ಫೈಲ್ ಇಳಿಸಿಕೊಳ್ಳಿ: ಆರ್ಡರ್ ವರದಿ, ಸೆಟಲ್‌ಮೆಂಟ್ ವರದಿ, ರಿಟರ್ನ್ ವರದಿ. ಇವುಗಳ ಜೊತೆಗೆ ನಿಮ್ಮ ಗೋದಾಮಿನಲ್ಲಿ ವಾಪಸ್ ಬಂದ ಪಾರ್ಸೆಲ್‌ಗಳ ರಿಜಿಸ್ಟರ್, ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಆ ತಿಂಗಳು ಜಾರಿಯಲ್ಲಿದ್ದ ದರಪಟ್ಟಿ ಬೇಕು.

ದರಪಟ್ಟಿಯ ವಿಷಯದಲ್ಲಿ ಹಲವರು ಎಡವುತ್ತಾರೆ. ತಾಣಗಳು ದರ ಬದಲಿಸಿದಾಗ ಪುಟದಲ್ಲಿ ಹೊಸ ದರವಷ್ಟೇ ಕಾಣುತ್ತದೆ. ಮೂರು ತಿಂಗಳ ಹಿಂದಿನ ಆರ್ಡರ್‌ಗೆ ಇವತ್ತಿನ ದರ ಹಾಕಿ ನೋಡಿದರೆ ಇಲ್ಲದ ವ್ಯತ್ಯಾಸ ಎದ್ದು ಕಾಣುತ್ತದೆ, ಇರುವ ವ್ಯತ್ಯಾಸ ಮುಚ್ಚಿಹೋಗುತ್ತದೆ. ಹಾಗಾಗಿ ದರ ಬದಲಾದ ಪ್ರತಿ ಸಲ ಆ ಪುಟವನ್ನು ದಿನಾಂಕದ ಸಮೇತ ಪಿಡಿಎಫ್ ಮಾಡಿಟ್ಟುಕೊಳ್ಳಿ. ಮುಂದೆ ಕ್ಲೇಮ್ ಹಾಕುವಾಗ ಸಾಕ್ಷಿಯಾಗಿ ತೋರಿಸಲು ಇದೇ ಬೇಕು.

ಸೆಟಲ್‌ಮೆಂಟ್ ವರದಿಯನ್ನು ಒಂದೇ ತಿಂಗಳಿಗೆ ಇಳಿಸಿದರೆ ಸಾಲದು. ಈ ತಿಂಗಳು 28ರಂದು ಬಂದ ಆರ್ಡರ್‌ಗೆ ಹಣ ಮುಂದಿನ ತಿಂಗಳು ಬರುತ್ತದೆ. ಗ್ರಾಹಕ ವಾಪಸ್ ಮಾಡಿದರೆ ಅದರ ಕಡಿತ ಅದಕ್ಕೂ ಮುಂದಿನ ತಿಂಗಳು ಬೀಳಬಹುದು. ಆರ್ಡರ್ ಒಂದು ತಿಂಗಳದ್ದಾದರೆ ಸೆಟಲ್‌ಮೆಂಟ್ ಆ ತಿಂಗಳಿಂದ ಮುಂದಿನ ಎರಡು ತಿಂಗಳವರೆಗಿನದು ಇರಲಿ. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಒಂದರ ಕೆಳಗೊಂದು ಅಂಟಿಸಿ.

ಹಂತ 1: ಆರ್ಡರ್ ಸಂಖ್ಯೆ ಕೆಡದಂತೆ ಫೈಲ್ ತೆರೆಯುವುದು

ತಾಳೆ ತಪ್ಪುವುದು ಹೆಚ್ಚಾಗಿ ಇಲ್ಲೇ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನಷ್ಟೇ ನೆನಪಿಟ್ಟುಕೊಳ್ಳುತ್ತದೆ. ಕೆಲವು ತಾಣಗಳ ಆರ್ಡರ್ ಐಟಂ ಸಂಖ್ಯೆ ಅದಕ್ಕಿಂತ ಉದ್ದ. ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದ ಕೂಡಲೇ ಕೊನೆಯ ಅಂಕಿಗಳು ಸೊನ್ನೆಯಾಗುತ್ತವೆ, ಸೇವ್ ಮಾಡಿದರೆ ಮರಳಿ ಸಿಗುವುದಿಲ್ಲ. ಸಂಖ್ಯೆ 4.03E+17 ಎಂಬಂತೆ ಕಂಡರೆ ಆ ಫೈಲನ್ನು ಸೇವ್ ಮಾಡದೆ ಮುಚ್ಚಿ.

ಖಾಲಿ ಹಾಳೆ ತೆರೆದು `Data > From Text/CSV` ಮೂಲಕ ಫೈಲ್ ತನ್ನಿ, `Transform Data` ಒತ್ತಿ ಆರ್ಡರ್ ಸಂಖ್ಯೆಯ ಕಾಲಮ್ಮಿನ ಬಗೆಯನ್ನು `Text` ಎಂದು ಬದಲಿಸಿ, ಆಮೇಲೆ ಲೋಡ್ ಮಾಡಿ.

ಇಷ್ಟು ಮಾಡಿದರೂ ಇನ್ನೊಂದು ಗುಂಡಿ ಉಳಿದಿದೆ. `SUMIFS`, `COUNTIF` ಸೂತ್ರಗಳು ಬರೀ ಅಂಕಿಗಳಿರುವ ಪಠ್ಯವನ್ನೂ ಒಳಗೊಳಗೇ ಸಂಖ್ಯೆ ಮಾಡಿಕೊಂಡು ಹೋಲಿಸುತ್ತವೆ. ಮೊದಲ 15 ಅಂಕಿ ಒಂದೇ ಆದ ಎರಡು ಬೇರೆ ಆರ್ಡರ್‌ಗಳು ಅವುಗಳ ಕಣ್ಣಿಗೆ ಒಂದೇ. ಒಂದರ ಹಣ ಇನ್ನೊಂದಕ್ಕೆ ಸೇರಿ, ಎರಡಕ್ಕೂ ದುಪ್ಪಟ್ಟು ಬಂದಂತೆ ತೋರುತ್ತದೆ. ಇದನ್ನು ತಪ್ಪಿಸಲು ಸಂಖ್ಯೆಯ ಮುಂದೆ ಒಂದು ಅಕ್ಷರ ಸೇರಿಸಿ ಕೀಲಿ ಮಾಡಿಕೊಳ್ಳಿ. ಕೀಲಿ ಎಂದರೆ ಎರಡು ಹಾಳೆಗಳ ಸಾಲುಗಳನ್ನು ಜೋಡಿಸುವ ಗುರುತು.

```
="K"&B2&"|"&C2
```

ಇಲ್ಲಿ B ಆರ್ಡರ್ ಸಂಖ್ಯೆ, C ನಿಮ್ಮ ಎಸ್‌ಕೆಯು, ಅಂದರೆ ಪ್ರತಿ ಸರಕಿಗೆ ನೀವು ಕೊಟ್ಟ ಗುರುತಿನ ಸಂಕೇತ. ಎಸ್‌ಕೆಯು ಸೇರಿಸುವುದೇಕೆಂದರೆ ಒಬ್ಬ ಗ್ರಾಹಕ ಒಂದೇ ಆರ್ಡರ್‌ನಲ್ಲಿ ನೀಲಿ ಬೆಡ್‌ಶೀಟೊಂದು, ಹಸಿರು ಬೆಡ್‌ಶೀಟೊಂದು ತರಿಸಿರಬಹುದು. ನೀಲಿಯದು ವಾಪಸ್ ಬಂದು ಹಸಿರು ಉಳಿದರೆ ಆರ್ಡರ್ ಸಂಖ್ಯೆಯೊಂದರಿಂದಲೇ ಬಿಡಿಸಿ ನೋಡಲಾಗದು. ಪ್ರತಿ ಸರಕಿಗೂ ಬೇರೆ ಐಟಂ ಸಂಖ್ಯೆ ಕೊಡುವ ತಾಣವಾದರೆ ಅದನ್ನೇ ಬಳಸಿ.

ಈ ಕೀಲಿ ಆರ್ಡರ್ ಹಾಳೆಯ A ಕಾಲಮ್ಮಿನಲ್ಲಿರಲಿ. ಇದೇ ಕೀಲಿಯನ್ನು ಸೆಟಲ್‌ಮೆಂಟ್ ಹಾಳೆಯ A ಕಾಲಮ್ಮಿನಲ್ಲೂ ಮಾಡಿ, ಎರಡು ಹಾಳೆಗಳಿಗೆ `Orders`, `Settlement` ಎಂದು ಹೆಸರಿಡಿ. ಅಲ್ಲಿ F ಕಾಲಮ್ಮಿನಲ್ಲಿ ಮೊತ್ತ ಇರಲಿ, ಕಡಿತಗಳು ಮೈನಸ್ ಚಿಹ್ನೆಯೊಂದಿಗೇ ಇರಲಿ. ಅಮೆಜಾನಿನ ಫ್ಲಾಟ್ ಫೈಲ್ ವಿ2 ವರದಿಯಲ್ಲಿ ಒಂದು ಮಾರಾಟ ಒಂದೇ ಸಾಲಿನಲ್ಲಿ ಬರುವುದಿಲ್ಲ. ಬೆಲೆಗೊಂದು ಸಾಲು, ಕಮಿಷನ್‌ಗೊಂದು, ಅದರ ತೆರಿಗೆಗೊಂದು, ಹೀಗೆ ಹಲವು ಸಾಲುಗಳಿರುತ್ತವೆ. ಯಾವುದು ಏನೆಂದು `amount-description` ಕಾಲಮ್ ಹೇಳುತ್ತದೆ. ಇದರಿಂದ ಗಾಬರಿಯಾಗಬೇಕಿಲ್ಲ, ಎಲ್ಲವನ್ನೂ ಸೂತ್ರವೇ ಕೂಡಿಸುತ್ತದೆ.

ಹಂತ 2: ಬ್ಯಾಂಕಿನೊಂದಿಗೆ ಒಂದು ಸಲ ಹೋಲಿಕೆ

ಪ್ರತಿ ಸೆಟಲ್‌ಮೆಂಟ್ ಸಂಖ್ಯೆಯ ಎಲ್ಲ ಸಾಲುಗಳನ್ನು ಕೂಡಿಸಿ. ಆ ಮೊತ್ತ ಬ್ಯಾಂಕಿಗೆ ಬಂದ ಜಮೆಗೆ ಪೈಸೆಯವರೆಗೂ ಸಮವಾಗಬೇಕು. ಆಗದಿದ್ದರೆ ನೀವು ಯಾವುದೋ ಫೈಲನ್ನೋ ಹಾಳೆಯನ್ನೋ ಬಿಟ್ಟಿದ್ದೀರಿ, ಇಲ್ಲವೇ ತಾಣ ಒಂದಷ್ಟು ಹಣವನ್ನು ರಿಸರ್ವ್ ಎಂದು ತಡೆಹಿಡಿದಿದೆ. ರಿಸರ್ವ್ ಎಂದರೆ ಮುಂದೆ ರಿಟರ್ನ್ ಬಂದರೆ ಇರಲಿ ಎಂದು ಹಿಡಿದುಕೊಳ್ಳುವ ಹಣ. ಈ ಸಲ ಹಿಡಿದದ್ದು ಮುಂದಿನ ಸಲ ಹಿಂದಿನ ಬಾಕಿಯಾಗಿ ಕೂಡಬೇಕು. ಎರಡು ಸ್ಟೇಟ್‌ಮೆಂಟನ್ನು ಅಕ್ಕಪಕ್ಕ ಇಟ್ಟು ಆ ಎರಡು ಅಂಕಿ ಒಂದೇ ಇವೆಯೇ ಎಂದಷ್ಟೇ ನೋಡಿ. ಇದು ಹತ್ತು ನಿಮಿಷದ ಕೆಲಸ. ಇದು ಸರಿಹೊಂದಿದರೆ ನಿಮ್ಮ ಬಳಿ ಫೈಲುಗಳೆಲ್ಲ ಇವೆ ಎಂದಾಯಿತು, ಅಷ್ಟೇ.

ಹಂತ 3: ಒಂದು ಆರ್ಡರ್‌ಗೆ ಎಷ್ಟು ಬರಬೇಕು

ನಮ್ಮ ಬೆಡ್‌ಶೀಟಿನ ದರಪಟ್ಟಿ ಹೀಗಿದೆ ಎಂದುಕೊಳ್ಳಿ. ಕಮಿಷನ್ ಮಾರಾಟ ಬೆಲೆಯ ಶೇ. 10, ಅಂದರೆ 105. ಪ್ರತಿ ಆರ್ಡರ್‌ಗೆ ನಿಗದಿತ ಶುಲ್ಕ 25. ದೂರದ ವಲಯಕ್ಕೆ ಸಾಗಣೆ ಮೊದಲ ಅರ್ಧ ಕಿಲೋಗೆ 55, ಆಮೇಲಿನ ಪ್ರತಿ ಅರ್ಧ ಕಿಲೋಗೆ 25. ಈ ಮೂರರ ಮೇಲೂ ಶೇ. 18 ಜಿಎಸ್‌ಟಿ.

ಪಾರ್ಸೆಲ್‌ನ ತೂಕ 950 ಗ್ರಾಂ. ಆದರೆ ತಾಣಗಳು ಬರೀ ತೂಕ ನೋಡುವುದಿಲ್ಲ, ಪಾರ್ಸೆಲ್ ಎಷ್ಟು ಜಾಗ ಹಿಡಿಯುತ್ತದೆ ಎಂಬುದನ್ನೂ ನೋಡುತ್ತವೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವುದು ಗಾತ್ರದ ತೂಕ. ನಮ್ಮದು 30×25×6, ಅಂದರೆ 4500, ಭಾಗಿಸಿದರೆ 0.9 ಕಿಲೋ. ಎರಡರಲ್ಲಿ ಹೆಚ್ಚಿನದು 0.95, ಅದನ್ನು ಮುಂದಿನ ಅರ್ಧ ಕಿಲೋಗೆ ಏರಿಸಿದರೆ 1 ಕಿಲೋ. ಸಾಗಣೆ 80.

ಇನ್ನು ತೆರಿಗೆಯ ಎರಡು ಕಡಿತಗಳು. ಜಿಎಸ್‌ಟಿ ಕಾನೂನಿನಡಿ ತಾಣ ಹಿಡಿಯುವ ಟಿಸಿಎಸ್ 2024ರ ಜುಲೈ 10ರಿಂದ ಶೇ. 0.5, ಇದು ಜಿಎಸ್‌ಟಿ ಬಿಟ್ಟ ಬೆಲೆಯ ಮೇಲೆ, ಹಾಗಾಗಿ 5 ರೂಪಾಯಿ. ಆದಾಯ ತೆರಿಗೆಯ ಟಿಡಿಎಸ್ 2024ರ ಅಕ್ಟೋಬರ್ 1ರಿಂದ ಶೇ. 0.1, ಅಂದರೆ ಒಂದು ರೂಪಾಯಿ. ಇದಕ್ಕೂ ಮೊದಲು ಎರಡೂ ಶೇ. 1 ಇದ್ದವು. ಹಳೆಯ ವರ್ಷದ ಫೈಲು ತಾಳೆ ನೋಡುವವರು ಹಳೆಯ ದರವನ್ನೇ ಹಾಕಬೇಕು.

ಶುಲ್ಕಗಳು 105+25+80, ಒಟ್ಟು 210. ಅದರ ಜಿಎಸ್‌ಟಿ 37.80. ತೆರಿಗೆ ಕಡಿತ 6. ಒಟ್ಟು 253.80 ಕಳೆದರೆ ಬರಬೇಕಾದದ್ದು 796.20.

ಇದನ್ನೇ ಸೂತ್ರವಾಗಿ ಬರೆದರೆ ಹೀಗೆ. D ಮಾರಾಟ ಬೆಲೆ, E ಮುಂದಿನ ಅರ್ಧ ಕಿಲೋಗೆ ಏರಿಸಿದ ತೂಕ, ಕಿಲೋದಲ್ಲಿ:

```
=D2-(D2*10%+25+55+(E2/0.5-1)*25)*1.18-D2/1.05*0.6%
```

ಬಂದದ್ದು ಎಷ್ಟು ಎಂಬುದಕ್ಕೆ:

```
=SUMIFS(Settlement!$F:$F,Settlement!$A:$A,$A2)
```

ಬಂದದ್ದರಿಂದ ಬರಬೇಕಾದದ್ದನ್ನು ಕಳೆದ ಕಾಲಮ್ಮಿಗೆ "ವ್ಯತ್ಯಾಸ" ಎಂದು ಹೆಸರಿಡಿ. ಪೈಸೆಯ ಸುತ್ತುವಿಕೆ, ವಾಪಸಾದ ಆರ್ಡರ್‌ನ ಟಿಡಿಎಸ್ ಇಂಥವುಗಳಿಂದ ಒಂದೆರಡು ರೂಪಾಯಿ ಆಚೀಚೆ ಆಗುತ್ತದೆ. ಎರಡು ರೂಪಾಯಿಯೊಳಗಿನದನ್ನು ಬಿಟ್ಟುಬಿಡಿ, ಇಲ್ಲವಾದರೆ ಕೆಲಸ ಮುಗಿಯುವುದಿಲ್ಲ. ಒಂದೇ ಸಾಲಿನಲ್ಲಿ ಎರಡು ಪೀಸ್ ಮಾರಿದ್ದರೆ ಆ ಸಾಲಿಗೆ ಈ ಸೂತ್ರ ಹೊಂದದು. ಅಂಥವನ್ನು ಮೊದಲೇ ಬೇರ್ಪಡಿಸಿ ಕೈಯಿಂದ ನೋಡಿ.

ಹಂತ 4: ವಾಪಸ್ ಬಂದದ್ದಕ್ಕೆ ಬೇರೆ ಲೆಕ್ಕ

ವಾಪಸ್ ಬಂದ ಆರ್ಡರ್‌ಗೆ ಬರಬೇಕಾದದ್ದು ಸೊನ್ನೆ ಎಂದುಕೊಳ್ಳುವುದು ತಪ್ಪು. ವಾಪಸ್‌ನಲ್ಲಿ ಎರಡು ಬಗೆಯಿದೆ, ಎರಡಕ್ಕೂ ಲೆಕ್ಕ ಬೇರೆ.

ಪಾರ್ಸೆಲ್ ಗ್ರಾಹಕರ ಕೈ ಸೇರದೆಯೇ ಹಿಂದಿರುಗಿದರೆ ಅದು ಆರ್‌ಟಿಒ. ವಿಳಾಸ ಸಿಗಲಿಲ್ಲ, ಕ್ಯಾಶ್ ಆನ್ ಡೆಲಿವರಿ ಪಾರ್ಸೆಲನ್ನು ಗ್ರಾಹಕರು ಬೇಡವೆಂದರು, ಇಂಥ ಕಾರಣಗಳು. ನಮ್ಮ ದರಪಟ್ಟಿಯಲ್ಲಿ ಇದಕ್ಕೆ ಶುಲ್ಕವಿಲ್ಲ, ಹಾಗಾಗಿ ಬರಬೇಕಾದದ್ದು ಸೊನ್ನೆ.

ಗ್ರಾಹಕರು ತೆಗೆದುಕೊಂಡು ಆಮೇಲೆ ವಾಪಸ್ ಮಾಡಿದರೆ ಅದು ಕಸ್ಟಮರ್ ರಿಟರ್ನ್. ಇದರಲ್ಲಿ ಕಮಿಷನ್, ನಿಗದಿತ ಶುಲ್ಕ, ಟಿಸಿಎಸ್ ಮರಳಿ ಬರುತ್ತವೆ. ಹೋದ ಸಾಗಣೆ 80, ವಾಪಸ್ ಸಾಗಣೆ 95 ನಿಮ್ಮ ಮೇಲೆ. ಜಿಎಸ್‌ಟಿ ಸೇರಿಸಿ 175×1.18, ಅಂದರೆ ನಿಮಗೆ ಬರಬೇಕಾದದ್ದು ಮೈನಸ್ 206.50. ಕೆಲವು ತಾಣಗಳು ಹಣ ಹಿಂದಿರುಗಿಸಿದ್ದಕ್ಕೆಂದು ಬೇರೆ ಶುಲ್ಕ ಹಿಡಿಯುತ್ತವೆ. ಅದು ದರಪಟ್ಟಿಯಲ್ಲಿದ್ದರೆ ಸೂತ್ರದಲ್ಲೂ ಇರಬೇಕು, ಇಲ್ಲವಾದರೆ ಎಲ್ಲ ರಿಟರ್ನ್‌ಗಳೂ ತಪ್ಪೆಂದು ತೋರುತ್ತವೆ.

ಹಂತ 5: ವ್ಯತ್ಯಾಸಗಳನ್ನು ಓದುವುದು

ನಮ್ಮ 240 ಆರ್ಡರ್‌ಗಳಲ್ಲಿ 12 ರವಾನೆಗೆ ಮೊದಲೇ ರದ್ದಾದವು. ಉಳಿದ 228ರಲ್ಲಿ 186 ಗ್ರಾಹಕರ ಬಳಿ ಉಳಿದವು, 24 ಕಸ್ಟಮರ್ ರಿಟರ್ನ್, 18 ಆರ್‌ಟಿಒ. ಮೊದಲು 186ನ್ನು ನೋಡೋಣ. ವ್ಯತ್ಯಾಸದ ಕಾಲಮ್ಮನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ. 171 ಸಾಲು ಸರಿಯಾಗಿವೆ. 9 ಸಾಲಿನಲ್ಲಿ ವ್ಯತ್ಯಾಸ ಮೈನಸ್ 88.50. 6 ಸಾಲಿಗೆ ಸೆಟಲ್‌ಮೆಂಟೇ ಇಲ್ಲ.

ಒಂದೇ ಅಂಕಿ ಹಲವು ಸಾಲಿನಲ್ಲಿ ಮತ್ತೆ ಮತ್ತೆ ಬಂದರೆ ಅದರ ಹಿಂದೆ ಒಂದೇ ಕಾರಣವಿರುತ್ತದೆ. ಮೊದಲು ಆ ಅಂಕಿಯನ್ನು 1.18ರಿಂದ ಭಾಗಿಸಿ: 88.50 ÷ 1.18 = 75. ಅರ್ಧ ಕಿಲೋಗೆ 25ರಂತೆ 75 ಎಂದರೆ ಮೂರು ಹಂತ. ಒಂದು ಕಿಲೋದ ಪಾರ್ಸೆಲ್‌ಗೆ ಎರಡೂವರೆ ಕಿಲೋದ ಸಾಗಣೆ ಹಾಕಿದ್ದಾರೆ. ಆ ಆರ್ಡರ್‌ಗಳ ವಿವರ ತೆರೆದರೆ ತಾಣ ಅಳೆದದ್ದು 36×28×10 ಎಂದಿರುತ್ತದೆ. ಗುಣಿಸಿ ಭಾಗಿಸಿದರೆ 2.016 ಕಿಲೋ. ಎರಡು ಕಿಲೋ ದಾಟಿದ್ದು 16 ಗ್ರಾಂ ಮಾತ್ರ, ಏರಿದ್ದು ಮಾತ್ರ ಪೂರ್ತಿ ಅರ್ಧ ಕಿಲೋದ ಹಂತ.

ಇದರಲ್ಲಿ ತಾಣದ ತಪ್ಪೆಷ್ಟು, ನಿಮ್ಮದೆಷ್ಟು ಎಂದು ಮೊದಲು ನೀವೇ ನೋಡಿಕೊಳ್ಳಿ. ಬೆಡ್‌ಶೀಟನ್ನು ದೊಡ್ಡ ಪಾಲಿಬ್ಯಾಗಿನಲ್ಲಿ ಹಾಕಿ ಗಾಳಿ ತೆಗೆಯದೆ ಅಂಟಿಸಿದರೆ ಅದು ದಿಂಬಿನಂತೆ ಉಬ್ಬುತ್ತದೆ, ಅಳತೆಯ ಯಂತ್ರ ಆ ಉಬ್ಬನ್ನೇ ಅಳೆಯುತ್ತದೆ. 9 ಪಾರ್ಸೆಲ್‌ಗಳೂ ಒಬ್ಬರೇ ಪ್ಯಾಕ್ ಮಾಡಿದವೋ, ಒಂದೇ ದಿನದವೋ ನೋಡಿ. ಹಾಗಿದ್ದರೆ ಗೋದಾಮಿನಲ್ಲೇ ಸರಿಪಡಿಸಬೇಕಾದ ವಿಷಯ. ಬೇರೆ ಬೇರೆ ದಿನದವು, ಉಳಿದ ನೂರೆಪ್ಪತ್ತಕ್ಕೂ ಹೆಚ್ಚು ಪಾರ್ಸೆಲ್‌ಗಳಲ್ಲಿ ಅದೇ ಸರಕು ಒಂದು ಕಿಲೋ ಎಂದೇ ಬಂದಿದೆ ಎಂದಾದರೆ ಕ್ಲೇಮ್ ಗಟ್ಟಿಯಾಗಿ ನಿಲ್ಲುತ್ತದೆ. ಅದೇ ಎಸ್‌ಕೆಯುವಿನ ಸರಿಯಾಗಿ ಅಳೆದ ಆರ್ಡರ್‌ಗಳ ಸಂಖ್ಯೆಗಳನ್ನು ಜೊತೆಗೆ ಕೊಡಿ. ಬರೀ ಫೋಟೋಗಿಂತ ಇದಕ್ಕೆ ತೂಕ ಹೆಚ್ಚು.

ವ್ಯತ್ಯಾಸ ತೂಕದ ಹಂತಕ್ಕೆ ಹೊಂದದಿದ್ದರೆ ವಲಯ ನೋಡಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋದದ್ದಕ್ಕೆ ದೇಶದ ಇನ್ನೊಂದು ತುದಿಯ ದರ ಬಿದ್ದಿರಬಹುದು. ಅದೂ ಅಲ್ಲವಾದರೆ ಕಮಿಷನ್ನನ್ನು ಬೆಲೆಯಿಂದ ಭಾಗಿಸಿ ಎಸ್‌ಕೆಯುವಾರು ಪಟ್ಟಿ ಮಾಡಿ. ಒಂದು ಎಸ್‌ಕೆಯುವಿಗೆ ಒಂದೇ ಶೇಕಡಾ ಇರಬೇಕು. ಒಂದು ಬಣ್ಣಕ್ಕೆ ಮಾತ್ರ ಶೇ. 10ರ ಬದಲು 14 ಕಂಡರೆ, ಆ ಲಿಸ್ಟಿಂಗ್ ಬೆಡ್‌ಶೀಟಿನ ವಿಭಾಗ ಬಿಟ್ಟು ಬೇರೆ ವಿಭಾಗಕ್ಕೆ ಸೇರಿದೆ ಎಂದರ್ಥ. ಲಿಸ್ಟಿಂಗ್ ತಿದ್ದದೆ ಕ್ಲೇಮ್ ಮಾತ್ರ ಹಾಕಿದರೆ ಮುಂದಿನ ತಿಂಗಳೂ ಅದೇ ಕಥೆ.

ಈಗ ಹಣವೇ ಬಾರದ 6 ಸಾಲು. ತಾಣ ಡೆಲಿವರಿಯಾದ 10 ದಿನಕ್ಕೆ ಹಣ ಕೊಡುತ್ತದೆ ಎಂದುಕೊಂಡರೆ, ಡೆಲಿವರಿ ದಿನಾಂಕಕ್ಕೆ 10 ಕೂಡಿಸಿ ಇವತ್ತಿನ ದಿನಾಂಕದೊಂದಿಗೆ ಹೋಲಿಸಿ. 4ಕ್ಕೆ ಇನ್ನೂ ಸಮಯವಿದೆ. ಉಳಿದ 2 ಆರ್ಡರ್ ಡೆಲಿವರಿಯಾಗಿ ತಿಂಗಳು ದಾಟಿದೆ: 1,592.40 ರೂಪಾಯಿ ನಿಜವಾದ ಬಾಕಿ. ಇಂಥ ಆರ್ಡರ್‌ಗಳು ಬಹಳ ಸಲ "ರವಾನೆಯಾಗಿದೆ" ಎಂಬ ಸ್ಥಿತಿಯಲ್ಲೇ ಸಿಕ್ಕಿಕೊಂಡಿರುತ್ತವೆ. ಕೊರಿಯರ್‌ನವರ ಡೆಲಿವರಿ ಸ್ಕ್ಯಾನ್ ತಾಣಕ್ಕೆ ತಲುಪಿರುವುದಿಲ್ಲ, ಹಾಗಾಗಿ ಹಣದ ದಿನಗಣನೆ ಶುರುವೇ ಆಗಿರುವುದಿಲ್ಲ. ಆದ್ದರಿಂದ "ಡೆಲಿವರಿಯಾದದ್ದು" ಎಂದಷ್ಟೇ ಫಿಲ್ಟರ್ ಹಾಕಿ ತಾಳೆ ನೋಡಬೇಡಿ. ರವಾನೆಯಾಗಿ 20 ದಿನ ಕಳೆದರೂ ಡೆಲಿವರಿಯೂ ಇಲ್ಲ, ವಾಪಸ್ಸೂ ಇಲ್ಲ ಎನ್ನುವ ಸಾಲುಗಳನ್ನು ಬೇರೆಯಾಗಿ ತೆಗೆದು ಅವುಗಳ ಎಡಬ್ಲ್ಯುಬಿ, ಅಂದರೆ ಕೊರಿಯರ್‌ನ ಪಾರ್ಸೆಲ್ ಸಂಖ್ಯೆ, ಹಾಕಿ ಕೊರಿಯರ್ ತಾಣದಲ್ಲೇ ನೋಡಿ.

24 ಕಸ್ಟಮರ್ ರಿಟರ್ನ್‌ಗಳಲ್ಲಿ 22ಕ್ಕೆ ಮೈನಸ್ 206.50 ಬಂದಿದೆ, ಸರಿ. ಎರಡಕ್ಕೆ ಮೈನಸ್ 330.40. ವ್ಯತ್ಯಾಸ 123.90, ಅದನ್ನು 1.18ರಿಂದ ಭಾಗಿಸಿದರೆ 105. ಕಮಿಷನ್ ಮರಳಿಸಿಲ್ಲ. ಭಾಗಿಸಿ ನೋಡುವ ಈ ಅಭ್ಯಾಸದಿಂದ ಯಾವ ಶುಲ್ಕ ಎಂದು ಹೆಸರು ಓದದೆಯೇ ಗೊತ್ತಾಗುತ್ತದೆ.

18 ಆರ್‌ಟಿಒದಲ್ಲಿ ಒಂದಕ್ಕೆ ಮೈನಸ್ 94.40, ಅಂದರೆ 80ರ ಸಾಗಣೆ ಜಿಎಸ್‌ಟಿ ಸಮೇತ. ಡೆಲಿವರಿ ಹುಡುಗ ಮೊದಲು "ತಲುಪಿಸಿದೆ" ಎಂದು ಒತ್ತಿ ಆಮೇಲೆ ವಾಪಸ್ ತಂದರೆ ಆರ್‌ಟಿಒಗೆ ಹೀಗೆ ಶುಲ್ಕ ಬೀಳುತ್ತದೆ. ಸ್ಕ್ಯಾನ್‌ಗಳ ಸಮಯ ನೋಡಿ: ತಲುಪಿಸಿದ್ದಕ್ಕೂ ವಾಪಸ್ ಶುರುವಾದದ್ದಕ್ಕೂ ನಡುವೆ ಕೆಲವೇ ನಿಮಿಷಗಳಿದ್ದರೆ ಅದೇ ನಿಮ್ಮ ಸಾಕ್ಷಿ.

ಹಂತ 6: ಆರ್ಡರ್ ಸಂಖ್ಯೆ ಇಲ್ಲದ ಕಡಿತಗಳು

ಇಲ್ಲಿಯವರೆಗೆ ಆರ್ಡರ್‌ನಿಂದ ಸೆಟಲ್‌ಮೆಂಟಿಗೆ ಹೋದೆವು. ಈಗ ಹಿಂದಕ್ಕೆ ಬನ್ನಿ. ಸೆಟಲ್‌ಮೆಂಟ್ ಹಾಳೆಯಲ್ಲಿ, ಆರ್ಡರ್ ಹಾಳೆಯಲ್ಲಿಲ್ಲದ ಸಾಲುಗಳನ್ನು ಹುಡುಕಿ:

```
=COUNTIF(Orders!$A:$A,$A2)
```

ಸೊನ್ನೆ ಬಂದವುಗಳಲ್ಲಿ ಹಿಂದಿನ ತಿಂಗಳ ಆರ್ಡರ್‌ಗಳದ್ದು ಕೆಲವು ಇರುತ್ತವೆ, ಅವನ್ನು ಬದಿಗಿಡಿ. ಉಳಿದದ್ದು ಜಾಹೀರಾತು, ಗೋದಾಮಿನ ಬಾಡಿಗೆ, ದಂಡ, ಹಳೆಯ ಲೆಕ್ಕದ ತಿದ್ದುಪಡಿ. ಕೆಲವು ತಾಣಗಳ ಎಕ್ಸೆಲ್ ಫೈಲಿನಲ್ಲಿ ಇವು ಮೊದಲ ಹಾಳೆಯಲ್ಲಿರದೆ ಕೆಳಗಿನ ಬೇರೆ ಟ್ಯಾಬ್‌ಗಳಲ್ಲಿರುತ್ತವೆ. ಆ ಟ್ಯಾಬ್‌ಗಳನ್ನು ತೆರೆಯದವರೇ ಹೆಚ್ಚು.

ನಮ್ಮ ಉದಾಹರಣೆಯಲ್ಲಿ ಇಂಥವು 4,248 ರೂಪಾಯಿ. ಅದರಲ್ಲಿ 3,540 ಜಾಹೀರಾತಿನದು: 3,000ಕ್ಕೆ ಶೇ. 18 ಸೇರಿ. ಜಾಹೀರಾತಿನ ಪುಟದ ಖರ್ಚಿನೊಂದಿಗೆ ಅದು ಹೊಂದುತ್ತದೆ. ಉಳಿದ 708 ತಡವಾಗಿ ರವಾನಿಸಿದ್ದಕ್ಕೆ 6 ದಂಡ, ಒಂದೊಂದಕ್ಕೆ 118. ಈ ಆರರಲ್ಲಿ ಮೂರನ್ನು ನೀವು ಹೇಳಿದ ದಿನವೇ ಕೊರಿಯರ್‌ಗೆ ಕೊಟ್ಟಿದ್ದೀರಿ. ಕೊರಿಯರ್‌ನವರು ಸ್ಕ್ಯಾನ್ ಮಾಡಿದ್ದು ಮರುದಿನ ಬೆಳಿಗ್ಗೆ ಅವರ ಹಬ್‌ನಲ್ಲಿ. ಇದನ್ನು ತೋರಿಸಲು ಮ್ಯಾನಿಫೆಸ್ಟ್ ಬೇಕು. ಅಂದು ಎತ್ತಿಕೊಂಡು ಹೋದ ಪಾರ್ಸೆಲ್‌ಗಳ ಪಟ್ಟಿಯೇ ಮ್ಯಾನಿಫೆಸ್ಟ್. ಪಿಕಪ್‌ಗೆ ಬಂದವರ ಸಹಿ, ದಿನಾಂಕ, ಸಮಯ ಮೂರೂ ಅದರ ಮೇಲಿರಬೇಕು. ಸಮಯ ಬರೆಸಿಕೊಳ್ಳದ ಮ್ಯಾನಿಫೆಸ್ಟ್ ಅರ್ಧ ಸಾಕ್ಷಿ.

ಹಂತ 7: ಹಾಳೆಯಲ್ಲಿ ಬಂದದ್ದು ಗೋದಾಮಿಗೆ ಬಂದಿದೆಯೇ

ರಿಟರ್ನ್ 24, ಆರ್‌ಟಿಒ 18, ಒಟ್ಟು 42 ಪಾರ್ಸೆಲ್ ಮನೆಗೆ ಬರಬೇಕು. ಗೋದಾಮಿನ ರಿಜಿಸ್ಟರಿನಲ್ಲಿ 39 ಇವೆ. ಈ ಮೂರು ಕಡಿಮೆಯನ್ನು ಯಾವ ಸೂತ್ರವೂ ಹೇಳುವುದಿಲ್ಲ. ಹಣದ ಲೆಕ್ಕದಲ್ಲಿ ಅವು ಸರಿಯಾಗಿಯೇ ಇವೆ. ಹೋದದ್ದು ಸರಕು.

ರಿಜಿಸ್ಟರಿನಲ್ಲಿ ಪ್ರತಿ ಪಾರ್ಸೆಲ್‌ನ ವಾಪಸ್ ಎಡಬ್ಲ್ಯುಬಿ ಸಂಖ್ಯೆ, ಬಂದ ದಿನ, ಒಳಗಿನ ಸ್ಥಿತಿ ಬರೆಯಬೇಕು. ವಾಪಸ್ ಬರುವಾಗ ಎಡಬ್ಲ್ಯುಬಿ ಸಂಖ್ಯೆ ಬದಲಾಗಿರಬಹುದು, ಹೋದ ಸಂಖ್ಯೆಯಿಂದ ಹುಡುಕಿದರೆ ಸಿಗದು. ರಿಟರ್ನ್ ವರದಿಯಲ್ಲಿ ಎರಡೂ ಇರುತ್ತವೆ. ತಾಣದಲ್ಲಿ "ಮಾರಾಟಗಾರರಿಗೆ ತಲುಪಿಸಲಾಗಿದೆ" ಎಂದಿದ್ದು ರಿಜಿಸ್ಟರಿನಲ್ಲಿ ಇಲ್ಲದಿದ್ದರೆ, ತಲುಪಿಸಿದ್ದಕ್ಕೆ ಸಹಿಯ ದಾಖಲೆ ಕೇಳಿ. ತುಂಬಿದ ಚೀಲವನ್ನು ಎಣಿಸದೆ ಒಂದೇ ಸಹಿ ಹಾಕಿ ಇಳಿಸಿಕೊಂಡಿದ್ದರೆ ಆ ಸಹಿಯೇ ನಿಮಗೆ ಎದುರಾಗುತ್ತದೆ.

ವಾಪಸ್ ಪಾರ್ಸೆಲ್ ಬಿಚ್ಚುವುದನ್ನು ನಡುವೆ ಕತ್ತರಿಸದೆ ಒಂದೇ ವಿಡಿಯೊದಲ್ಲಿ ಹಿಡಿಯಿರಿ. ಮೊದಲು ಮುಚ್ಚಿದ ಪಾರ್ಸೆಲ್‌ನ ಆರೂ ಬದಿ, ಲೇಬಲ್ಲಿನ ಸಂಖ್ಯೆ ಓದುವಷ್ಟು ಹತ್ತಿರದಿಂದ, ಆಮೇಲೆ ಬಿಚ್ಚುವುದು. ಬಿಚ್ಚಿದ ಮೇಲೆ ಶುರುಮಾಡಿದ ವಿಡಿಯೊ ಕ್ಲೇಮ್‌ನಲ್ಲಿ ನಿಲ್ಲುವುದು ಕಷ್ಟ.

ಹಂತ 8: ಕ್ಲೇಮ್ ಹಾಕುವುದು, ಹಣ ಬಂತೇ ನೋಡುವುದು

ನಮ್ಮ ತಿಂಗಳಲ್ಲಿ ಸಿಕ್ಕಿದ್ದು: ತೂಕದ 9 ಆರ್ಡರ್‌ಗೆ 796.50, ಬಾರದ 2 ಆರ್ಡರ್‌ಗೆ 1,592.40, ಮರಳದ ಕಮಿಷನ್ 247.80, ಆರ್‌ಟಿಒ ಸಾಗಣೆ 94.40, ದಂಡ 354. ಒಟ್ಟು 3,085.10 ರೂಪಾಯಿ, ಜೊತೆಗೆ ಮೂರು ಬೆಡ್‌ಶೀಟ್.

ಯಾವುದನ್ನು ಮೊದಲು ಹಾಕಬೇಕು? ದೊಡ್ಡ ಮೊತ್ತವನ್ನಲ್ಲ, ಗಡುವು ಹತ್ತಿರವಿರುವುದನ್ನು. ಹಾಳಾದ, ಬದಲಾದ, ಬಾರದ ರಿಟರ್ನ್‌ಗಳ ಕ್ಲೇಮ್‌ಗೆ ತಾಣಗಳು ದಿನಗಳ ಮಿತಿ ಇಟ್ಟಿರುತ್ತವೆ. ಆ ಮಿತಿ ಯಾವ ದಿನದಿಂದ ಎಣಿಕೆಯಾಗುತ್ತದೆ ಎಂಬುದನ್ನು ನಿಮ್ಮ ತಾಣದ ನಿಯಮದಲ್ಲಿ ಓದಿ, ರಿಜಿಸ್ಟರಿನಲ್ಲಿ "ಕೊನೆಯ ದಿನ" ಎಂಬ ಕಾಲಮ್ ಮಾಡಿ. ಇದೊಂದೇ ಕಾರಣಕ್ಕೆ ಹಂತ 7ನ್ನು ವಾರಕ್ಕೊಮ್ಮೆ ಮಾಡಬೇಕು. ಉಳಿದವಕ್ಕೆ ತಿಂಗಳಿಗೊಮ್ಮೆ ಸಾಕು.

ಒಂದು ಟಿಕೆಟ್ಟಿನಲ್ಲಿ ಒಂದೇ ಬಗೆಯ ದೂರು ಇರಲಿ. ತೂಕದ 9 ಒಟ್ಟಿಗೆ, ಕಮಿಷನ್‌ನ 2 ಬೇರೆ. ಎಲ್ಲವನ್ನೂ ಸೇರಿಸಿ ಬರೆದರೆ ಒಂದಕ್ಕೆ ಉತ್ತರ ಕೊಟ್ಟು ಟಿಕೆಟ್ ಮುಚ್ಚುತ್ತಾರೆ. ಬರಹ ಉದ್ದ ಬೇಡ. ಹೀಗಿದ್ದರೆ ಸಾಕು:

"ಆರ್ಡರ್ ಸಂಖ್ಯೆ ಇದು, ಸೆಟಲ್‌ಮೆಂಟ್ ಸಂಖ್ಯೆ ಇದು. ಇಂಥ ದಿನಾಂಕದ ದರಪಟ್ಟಿಯಂತೆ 1 ಕಿಲೋಗೆ ಸಾಗಣೆ 80, ಹಿಡಿದದ್ದು 155. ಹೆಚ್ಚು ಹಿಡಿದದ್ದು 75, ಜಿಎಸ್‌ಟಿ 13.50, ಒಟ್ಟು 88.50. ಅಳತೆಯ ಫೋಟೋ ಮತ್ತು ಇದೇ ಎಸ್‌ಕೆಯುವಿನ ಸರಿಯಾದ ಆರ್ಡರ್‌ಗಳ ಪಟ್ಟಿ ಲಗತ್ತಿಸಿದೆ."

ಜಿಎಸ್‌ಟಿಯನ್ನು ಸೇರಿಸಿಯೇ ಕೇಳಿ. ನೀವು ಜಿಎಸ್‌ಟಿ ನೋಂದಣಿ ಇರುವವರಾದರೆ ಶುಲ್ಕದ ಮೇಲಿನ ತೆರಿಗೆ ಹೂಡುವಳಿ ತೆರಿಗೆ ಜಮೆಯಾಗಿ, ಅಂದರೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಆಗಿ, ನಿಮಗೆ ಸಿಕ್ಕಿರುತ್ತದೆ, ನಿಜವಾದ ನಷ್ಟ 75 ಮಾತ್ರ. ತಾಣ 88.50 ಮರಳಿಸಿದಾಗ ಕ್ರೆಡಿಟ್ ನೋಟ್ ಕೊಡುತ್ತದೆ, ಆಗ ಆ 13.50ರ ಜಮೆಯನ್ನು ಹಿಂದಿರುಗಿಸಬೇಕು. ಇದನ್ನು ಮರೆತರೆ ಜಿಎಸ್‌ಟಿ ಲೆಕ್ಕದಲ್ಲಿ ವ್ಯತ್ಯಾಸ ಕಾಣುತ್ತದೆ.

ಟಿಸಿಎಸ್, ಟಿಡಿಎಸ್ ಎಂದು ಹಿಡಿದದ್ದಕ್ಕೆ ತಾಣದ ಬಳಿ ಕ್ಲೇಮ್ ಹಾಕುವಂತಿಲ್ಲ, ಅದು ಸರ್ಕಾರದ ಬಳಿ ನಿಮ್ಮ ಹೆಸರಿನಲ್ಲಿದೆ. ತಾಣ ಮುಂದಿನ ತಿಂಗಳ 10ರೊಳಗೆ ಜಿಎಸ್‌ಟಿಆರ್-8 ಎಂಬ ತನ್ನ ತೆರಿಗೆ ಲೆಕ್ಕಪತ್ರ ಸಲ್ಲಿಸಿದ ಮೇಲೆ ಜಿಎಸ್‌ಟಿ ಪೋರ್ಟಲ್‌ನ `TDS and TCS credit received` ಪುಟದಲ್ಲಿ ಟಿಸಿಎಸ್ ಕಾಣುತ್ತದೆ. ತಾನಾಗಿ ಅದು ನಿಮ್ಮ ನಗದು ಲೆಡ್ಜರಿಗೆ ಬರುವುದಿಲ್ಲ. ನೀವು ಒಪ್ಪಿಕೊಂಡು ಸಲ್ಲಿಸಿದರೆ ಮಾತ್ರ ಬರುತ್ತದೆ. ವರ್ಷಗಟ್ಟಲೆ ಆ ಪುಟವನ್ನೇ ತೆರೆಯದವರಿದ್ದಾರೆ. ಟಿಡಿಎಸ್ ಅನ್ನು ಆದಾಯ ತೆರಿಗೆ ಪೋರ್ಟಲ್‌ನಲ್ಲಿ, 26ಎಎಸ್ ಎಂದೇ ಎಲ್ಲರೂ ಕರೆಯುವ ಪಟ್ಟಿಯಲ್ಲಿ ಹೋಲಿಸಿ.

ಕ್ಲೇಮ್ ಒಪ್ಪಿದ್ದೇವೆ ಎಂಬ ಮೇಲ್ ಬಂದ ಕೂಡಲೇ ಫೈಲ್ ಮುಚ್ಚಬೇಡಿ. ಮರಳಿದ ಹಣ ಹಲವು ಸಲ ಆರ್ಡರ್ ಸಂಖ್ಯೆಯಿಲ್ಲದೆ, ಹಂತ 6ರ ಟ್ಯಾಬ್‌ಗಳಲ್ಲಿ, ಹಲವು ಕ್ಲೇಮ್‌ಗಳದ್ದು ಒಟ್ಟಾಗಿ ಒಂದೇ ಸಾಲಾಗಿ ಬರುತ್ತದೆ. ಟಿಕೆಟ್ ಸಂಖ್ಯೆ, ಕೇಳಿದ ಮೊತ್ತ, ಒಪ್ಪಿದ ಮೊತ್ತ, ಬಂದ ಸೆಟಲ್‌ಮೆಂಟ್ ಸಂಖ್ಯೆ ಎಂಬ ನಾಲ್ಕು ಕಾಲಮ್ಮಿನ ಸಣ್ಣ ಪಟ್ಟಿ ಇಟ್ಟುಕೊಂಡು, ಕೊನೆಯ ಕಾಲಮ್ ತುಂಬಿದ ಮೇಲಷ್ಟೇ ಆ ಸಾಲಿಗೆ ಗೆರೆ ಎಳೆಯಿರಿ.